ಪುಟ್ಟಿ ಮದುವೆಯ ವಿಡಿಯೋ ಕರೆಯೋಲೆ: ಯಾರು ಏನು ಹೇಳಬೇಕು, ತೆರೆಯ ಮೇಲೆ ಏನಿರಬೇಕು

"ದೊಡ್ಡಾಯಿ, ಪುಟ್ಟಿ ಮದುವೆಗೆ ವಿಡಿಯೋ ಕರೆಯೋಲೆ ಮಾಡಿಸ್ತಾ ಇದ್ದೇವೆ. ಮಾತು ನೀನೇ ಬರೆದುಕೊಡು. ಡೇಟು, ಜಾಗ, ಬರುವ ದಾರಿ ಎಲ್ಲ ಇರಲಿ. ಎರಡು ಮೂರು ನಿಮಿಷ ಆದರೂ ಅಡ್ಡಿಲ್ಲ."

ಅಡ್ಡಿ ಇದೆ ಮಾರಾಯ! ಮೂರು ನಿಮಿಷದ ವಿಡಿಯೋವನ್ನು ಕೊನೆಯವರೆಗೆ ನೋಡುವವರು ನಾನು, ನಿನ್ನ ಅಮ್ಮ, ಮತ್ತೆ ವಿಡಿಯೋ ಮಾಡಿದ ಹುಡುಗ ಮಾತ್ರ. ಒಂದು ನಿಮಿಷ ಸಾಕು. ಬರುವ ದಾರಿಯನ್ನು ಅದರೊಳಗೆ ತುರುಕಬೇಡ, ಅದನ್ನು ಬೇರೆ ಮೆಸೇಜಾಗಿ ಹಾಕೋಣ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳು.

ಮೊದಲು ಅಜ್ಜಿ ಮಾತಾಡಲಿ. "ಶ್ರೀಮಾನ್, ಶ್ರೀಮತಿ" ಎಂದು ಸ್ಟುಡಿಯೋದವರ ದಪ್ಪ ದನಿ ಬೇಡ. ನಮ್ಮ ಕಡೆ ಮದುವೆ ಹೇಳಿಕೆ ಅಂದರೆ ಮನೆಗೆ ಹೋಗಿ, ಅಕ್ಷತೆ ಕೊಟ್ಟು, ಚಾ ಕುಡಿದು ಕರೆಯುವುದು ಅಲ್ವಾ? ಆ ದನಿ ಅಜ್ಜಿಯದ್ದೇ ಆಗಿರಲಿ. ಜಗಲಿಯಲ್ಲಿ ಕೂರಿಸಿ, ಮೊಬೈಲನ್ನು ಅವರ ಕಣ್ಣಿನ ಎತ್ತರಕ್ಕೆ ಹಿಡಿ. ಬೆಳಕು ಅವರ ಮುಖದ ಮೇಲೆ ಬೀಳಲಿ, ಅಂಗಳ ಬೆನ್ನಿಗೆ ಬೇಡ. ಬೆನ್ನಿಗೆ ಬಂದರೆ ಮುಖ ಕಪ್ಪಾಗಿ ಕಾಣುತ್ತದೆ. ಅವರು ಇಷ್ಟು ಹೇಳಿದರೆ ಸಾಕು:

"ನಾನು ಪುಟ್ಟಿಯ ಅಜ್ಜಿ. ನಮ್ಮ ಕೂಸಿಗೆ ಮದುವೆ, ಇದೇ ಮನೆಯ ಅಂಗಳದಲ್ಲಿ. ನನ್ನ ಕಾಲಿಗೆ ಈಗ ನಿಮ್ಮ ಮನೆ ಮೆಟ್ಟಿಲು ಹತ್ತುವುದು ಕಷ್ಟ. ಅದಕ್ಕೆ ಇಲ್ಲಿಂದಲೇ ಕರೆಯುತ್ತಿದ್ದೇನೆ. ನೀವು ಬರಬೇಕು."

ಆಮೇಲೆ ನಿನ್ನ ಅಪ್ಪ:

"ಮೇ ಮೂರನೇ ತಾರೀಕು, ಭಾನುವಾರ. ಮುಹೂರ್ತ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಕರ್ಕಾಟಕ ಲಗ್ನದಲ್ಲಿ. ಹಿಂದಿನ ದಿನ, ಶನಿವಾರ ಬೆಳಿಗ್ಗೆ ನಾಂದಿ. ಎರಡೂ ದಿನ ನೀವು ನಮ್ಮ ಜೊತೆಗಿರಬೇಕು."

ಅಮ್ಮ: "ಉಳಿಯುವ ಚಿಂತೆ ಬೇಡ. ನಮ್ಮನೆ ಉಪ್ಪರಿಗೆ ಇದೆ, ಆಚೆ ಮನೆಯವರೂ ಎರಡು ಕೋಣೆ ಬಿಟ್ಟುಕೊಟ್ಟಿದ್ದಾರೆ. ಎಷ್ಟು ಜನ, ಯಾವ ದಿನ ಬರುತ್ತೀರಿ, ಅಷ್ಟು ತಿಳಿಸಿ."

ಕೊನೆಗೆ ಪುಟ್ಟಿ ನಕ್ಕು, "ಬನ್ನಿ, ಕಾಯುತ್ತಿರುತ್ತೇನೆ" ಅಂದರೆ ಮುಗಿಯಿತು. ಹುಡುಗನ ಪಕ್ಕ ನಿಂತು ಹೂವಿನ ತೋಟದಲ್ಲಿ ಓಡುವುದೆಲ್ಲ ಬೇಕಾದರೆ ಬೇರೆ ವಿಡಿಯೋ ಮಾಡಿಕೊಳ್ಳಲಿ. ನಾನು ಬೇಡ ಅನ್ನುವುದಿಲ್ಲ, ನೋಡುವುದೂ ಇಲ್ಲ.

ಇದನ್ನು ನಾನು ಗಡಿಯಾರ ಇಟ್ಟುಕೊಂಡು ನಿಧಾನವಾಗಿ ಓದಿ ನೋಡಿದೆ. ಮುಕ್ಕಾಲು ನಿಮಿಷ ಹಿಡಿಯಿತು. ಉಳಿದ ಕಾಲು ನಿಮಿಷ ತೆರೆಯ ಮೇಲಿನ ಬರಹಕ್ಕೆ ಬೇಕು. ಅರ್ಧ ಜನ ಬಸ್ಸಿನಲ್ಲೋ ಆಫೀಸಿನಲ್ಲೋ ಕೂತು ದನಿ ಇಲ್ಲದೆಯೇ ನೋಡುತ್ತಾರೆ. ಹಾಗಾಗಿ ಅಪ್ಪ ತಾರೀಕು ಹೇಳುವಾಗ ಅದೇ ತಾರೀಕು ದೊಡ್ಡ ಅಕ್ಷರದಲ್ಲಿ ಕಾಣಬೇಕು. ಕೊನೆಯಲ್ಲಿ ತಾರೀಕು, ಮುಹೂರ್ತ, ಜಾಗ ಮೂರೂ ಇರುವ ಒಂದೇ ಚಿತ್ರ ಹತ್ತು ಸೆಕೆಂಡ್ ಅಲ್ಲಾಡದೆ ನಿಲ್ಲಲಿ. ಜನ ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತಾರೆ. ಅಕ್ಷರ ಹಾರಿ ಬರುವುದು, ತಿರುಗುವುದು, ಮಿಂಚುವುದು ಯಾವುದೂ ಅಲ್ಲಿ ಬೇಡ.

ತಾರೀಕನ್ನು 3/5/2026 ಎಂದು ಮಾತ್ರ ಹಾಕಬೇಡ. ಅಮೆರಿಕದಲ್ಲಿ ಮೊದಲು ತಿಂಗಳು ಬರೆಯುವ ಅಭ್ಯಾಸ. ಅಲ್ಲಿ ಹುಟ್ಟಿದ ನಮ್ಮ ಮಕ್ಕಳು ಅದನ್ನು ಮಾರ್ಚ್ 5 ಎಂದು ಓದುತ್ತಾರೆ. "2026 ಮೇ 3, ಭಾನುವಾರ" ಎಂದು ಬರೆ. ವಾರ ಬರೆದಿದ್ದರೆ ತಪ್ಪು ಬಿದ್ದದ್ದು ತಕ್ಷಣ ಗೊತ್ತಾಗುತ್ತದೆ. ಪರಾಭವ ಸಂವತ್ಸರ, ವೈಶಾಖ ಬಹುಳ ಬಿದಿಗೆ ಎಂದು ಕೆಳಗೆ ಸಣ್ಣಕ್ಕೆ ಇರಲಿ, ಅಜ್ಜಿಗೆ ಸಮಾಧಾನ. ಪುಟ್ಟಿ, ಹುಡುಗ ಇಬ್ಬರ ಪೂರ್ತಿ ಹೆಸರು ತೆರೆಯ ಮೇಲೆ ಬರಬೇಕು. ಬೀಗರಿಗೆ ಒಮ್ಮೆ ಕಳಿಸಿ ಕಾಗುಣಿತ ನೋಡಿಸು.

ಈಗ ದಾರಿ. ಇದು ವಿಡಿಯೋದಲ್ಲಿ ಯಾಕೆ ಬೇಡ ಅಂದರೆ, ಬೆಂಗಳೂರಿನವರಿಗೆ ಬೇಕಾದದ್ದು ಮುಂಬೈಯವರಿಗೆ ಬೇಡ. ಬರಹದಲ್ಲಿದ್ದರೆ ಅವರವರಿಗೆ ಬೇಕಾದ ಸಾಲು ಹುಡುಕಿಕೊಳ್ಳುತ್ತಾರೆ, ಕಾಪಿ ಮಾಡಿ ಡ್ರೈವರಿಗೆ ಕಳಿಸುತ್ತಾರೆ. ಹೀಗೆ ಬರೆ:

"ನಮ್ಮನೆ ಸಿದ್ದಾಪುರ–ಶಿರಸಿ ರಸ್ತೆಯ ಕಾನಸೂರಿನಿಂದ ಒಳಗೆ 3 ಕಿ.ಮೀ. ಬೆಂಗಳೂರಿನಿಂದ ಬರುವವರು ಮೈಸೂರು–ತಾಳಗುಪ್ಪ ರಾತ್ರಿ ರೈಲು ಹತ್ತಿ. ತಾಳಗುಪ್ಪವೇ ಕೊನೆಯ ನಿಲ್ದಾಣ, ನಿದ್ದೆಯಲ್ಲಿ ಮುಂದೆ ಹೋಗುವ ಭಯ ಇಲ್ಲ. ಅಲ್ಲಿಂದ ಮನೆಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಶನಿವಾರ, ಭಾನುವಾರ ಎರಡೂ ಬೆಳಿಗ್ಗೆ ನಮ್ಮ ಗಾಡಿ ಸ್ಟೇಷನ್ನಿನಲ್ಲಿ ಇರುತ್ತದೆ. ಮುಂಬೈ, ಮಂಗಳೂರು ಕಡೆಯವರು ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬಂದು, ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬನ್ನಿ. ವಿಮಾನದವರಿಗೆ ಹುಬ್ಬಳ್ಳಿ. ಅಲ್ಲಿಂದ ಶಿರಸಿ ಸುಮಾರು 100 ಕಿ.ಮೀ."

ಘಾಟಿಯ ತಿರುವಿನಲ್ಲಿ ಮಕ್ಕಳು ವಾಂತಿ ಮಾಡುತ್ತಾರೆ. ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ ಎಂದು ಒಂದು ಸಾಲು ಸೇರಿಸು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮ್ಯಾಪ್ ಲಿಂಕ್ ವಿಷಯ. ನನ್ನ ಮಗನ ಮದುವೆಯಲ್ಲಿ ಲೊಕೇಶನ್ ಅನ್ನು ಮನೆಯೊಳಗೆ ಕೂತು ಕಳಿಸಿದ್ದೆವು. ಪಿನ್ ತೋಟದ ಆಚೆ ಬದಿಗೆ ಬಿದ್ದಿತ್ತು. ಎರಡು ಕಾರು ಅಡಿಕೆ ತೋಟದ ಕೊನೆಗೆ ಹೋಗಿ ನಿಂತವು. ಆಚೆ ಹಳ್ಳ, ಈಚೆ ಬೇಲಿ, ರೇಷ್ಮೆ ಸೀರೆಯವರು ರಿವರ್ಸ್‌ಗೆ ದಾರಿ ತೋರಿಸಿದರು! ಈ ಸಲ ದಣಪೆಯ ಹತ್ತಿರ ಬಯಲಲ್ಲಿ ನಿಂತು, ನೀಲಿ ಚುಕ್ಕಿ ಸರಿಯಾದ ಜಾಗಕ್ಕೆ ಬಂದ ಮೇಲೆ ಪಿನ್ ಹಾಕು. ಪಕ್ಕದೂರಿನ ಗೆಳೆಯನೊಬ್ಬನಿಗೆ ಲಿಂಕ್ ಕಳಿಸಿ, ದಾರಿ ಗೊತ್ತಿಲ್ಲದವನ ಹಾಗೆ ಬಾ ಅನ್ನು. ಕಾನಸೂರು ದಾಟಿದ ಮೇಲೆ ನಮ್ಮಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಮುಖ್ಯರಸ್ತೆಯ ತಿರುವಿನಲ್ಲಿ ಬಾಳೆಗಿಡ ಕಟ್ಟಿ ಒಂದು ಬೋರ್ಡ್ ಇಡಿ. ಆ ತಿರುವಿನ ಫೋಟೋವನ್ನೂ ಮೆಸೇಜಿನ ಜೊತೆಗೆ ಹಾಕು.

ಇನ್ನೊಂದು ಮಾತು, ಇದೇ ದೊಡ್ಡದು. ನೀನು ಏಪ್ರಿಲ್‌ನಲ್ಲಿ ಕಳಿಸೋಣ ಅಂತಿದ್ದೀಯ. ಮೇ 1 ಶುಕ್ರವಾರ, ಕಾರ್ಮಿಕರ ದಿನದ ರಜೆ. ಮೂರು ದಿನ ಸಾಲು ರಜೆ ಸಿಕ್ಕಿದರೆ ಬೆಂಗಳೂರು ಪೂರ್ತಿ ಮಲೆನಾಡಿಗೆ ಬರುತ್ತದೆ. ರೈಲಿನ ರಿಸರ್ವೇಶನ್ 60 ದಿನ ಮೊದಲು ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ನಾಂದಿಗೆ ಬರುವವರು ಶುಕ್ರವಾರ ರಾತ್ರಿ ಹೊರಡಬೇಕು, ಅವರಿಗೆ ಬುಕಿಂಗ್ ಮಾರ್ಚ್ 2, ಸೋಮವಾರ. ಮದುವೆಗೆ ಮಾತ್ರ ಬರುವವರಿಗೆ ಮಾರ್ಚ್ 3. ಭಾನುವಾರ ರಾತ್ರಿ ವಾಪಸ್ ಹೋಗುವವರಿಗೆ ಮಾರ್ಚ್ 4. ಈ ಮೂರು ತಾರೀಕು ದಾರಿ ಮೆಸೇಜಿನ ತಲೆಯಲ್ಲೇ ಇರಬೇಕು. ಮಧ್ಯರಾತ್ರಿ ದಾಟಿ ಹತ್ತುವ ಅರಸೀಕೆರೆ ಕಡೆಯವರಿಗೆ ಟಿಕೆಟಿನಲ್ಲಿ ಪ್ರಯಾಣದ ತಾರೀಕು ಒಂದು ದಿನ ಮುಂದಾಗುತ್ತದೆ, ಅವರಿಗೆ ನೀನೇ ಫೋನ್ ಮಾಡಿ ಹೇಳು.

ಅಂದರೆ ವಿಡಿಯೋ ಫೆಬ್ರವರಿ ಕೊನೆಯೊಳಗೆ ಎಲ್ಲರ ಕೈಗೆ ಹೋಗಬೇಕು. ಕಳಿಸಿದ ಮೇಲೆ ಶಿರಸಿ, ಸಿದ್ದಾಪುರ, ಸಾಗರದ ಮನೆಗಳಿಗೆ ಅಪ್ಪ ಅಮ್ಮ ಅಕ್ಷತೆ ಹಿಡಿದು ಹೋಗಲೇಬೇಕು. ನಿನ್ನ ಸೋದರಮಾವ ವಿಡಿಯೋ ನೋಡಿ ಬರುವ ಪೈಕಿ ಅಲ್ಲ, ಗೊತ್ತಲ್ಲ.

ಅಜ್ಜಿಯ ಮಾತನ್ನು ನಾಳೆ ಬೆಳಿಗ್ಗೆಯೇ ತೆಗೆ. ಮಧ್ಯಾಹ್ನ ಊಟ ಆದ ಮೇಲೆ ಅವರಿಗೆ ನಿದ್ದೆ. ಹಿಂದಿನಿಂದ ಮಿಕ್ಸಿ ಸದ್ದು ಬಾರದ ಹಾಗೆ ಅಡುಗೆಮನೆಯವರಿಗೆ ಹೇಳಿರು.