ಸಹಾಯ ಬೇಕು: ಮಗಳಿಗೆ ಜ್ಞಾನಸ್ನಾನವೋ, ನಾಮಕರಣವೋ?

ನಾನು ಮಂಗಳೂರಿನ ಕ್ಯಾಥೊಲಿಕ್, ಇವರು ಬಿಲ್ಲವರು. ಹಬ್ಬಗಳಿಗೆ ಜಗಳವಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಇಗರ್ಜಿಯಿಂದ ತೆನೆ ತಂದು, ಬಾಳೆ ಎಲೆಯಲ್ಲಿ ಸಸ್ಯಾಹಾರಿ ಊಟ ಮಾಡುತ್ತೇವೆ, ಇವರ ಮನೆಯಲ್ಲೂ ಹೊಸ ಅಕ್ಕಿ ಊಟ ಇರುವುದರಿಂದ ಅತ್ತೆಗೆ ಅದು ತಮ್ಮದೇ ಹಬ್ಬದ ಹಾಗೆ.

ಕಷ್ಟ ಬಂದಿರುವುದು ನಾಲ್ಕು ತಿಂಗಳ ಮಗಳ ಜ್ಞಾನಸ್ನಾನದ ವಿಷಯದಲ್ಲಿ. ಇಗರ್ಜಿಯಲ್ಲಿ ಮದುವೆಗೆ ಅನುಮತಿ ಪಡೆಯುವಾಗ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ನನ್ನಿಂದಾದಷ್ಟು ಪ್ರಯತ್ನಿಸುತ್ತೇನೆ ಅಂತ ನಾನು ಮಾತು ಕೊಟ್ಟಿದ್ದೆ. ಇವರು ಕೊಡಬೇಕಿರಲಿಲ್ಲ, ಇವರಿಗೆ ವಿಷಯ ತಿಳಿಸಿದ್ದರು ಅಷ್ಟೇ. ಈಗ ನಾಮಕರಣ ಸಾಕು, ದೊಡ್ಡವಳಾದ ಮೇಲೆ ಅವಳೇ ಆರಿಸಲಿ ಅನ್ನುತ್ತಾರೆ. (ನಾಮಕರಣಕ್ಕೆ ಮಾತ್ರ ಅವಳನ್ನು ಕೇಳಬೇಕಿಲ್ಲ, ಅಲ್ವಾ?)

ಜ್ಞಾನಸ್ನಾನವನ್ನು ಮುಂದಕ್ಕೆ ಹಾಕಿದವರು, ಅಥವಾ ಎರಡನ್ನೂ ಮಾಡಿಸಿದವರು ಯಾರಾದರೂ ಇದ್ದೀರಾ? ಫಾದರ್ ಹತ್ತಿರ ಏನು ಹೇಳಿದಿರಿ? ಮನೆಯವರನ್ನು ಒಪ್ಪಿಸಿದ್ದು ಹೇಗೆ?