ಪದಚರ್ಚೆ: ‘ಟೈಮ್ ಕಾನ್‌ಸ್ಟಂಟ್’ಗೆ ಏನನ್ನೋಣ? ಗುರುವಾರದೊಳಗೆ ಬೇಕು

ಕಲಬುರಗಿಯಿಂದ, ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದ ಮಕ್ಕಳಿಗಾಗಿ ಒಂದು ಗೋಡೆಪಟ ಮಾಡುತ್ತಿದ್ದೇನೆ. ಗುರುವಾರ ಮುದ್ರಣಕ್ಕೆ ಕೊಡಬೇಕು. ಪಟದಲ್ಲಿ ಎರಡು ಫೋಟೊ ಇವೆ. ಒಂದು ನಾವೇ ಜೋಡಿಸಿದ ಸರ್ಕಿಟ್: 9 ವೋಲ್ಟ್ ಬ್ಯಾಟರಿ, ಕಂದು-ಕಪ್ಪು-ಹಳದಿ ಪಟ್ಟಿಯ ರೆಸಿಸ್ಟರ್, 470 ಮೈಕ್ರೊಫ್ಯಾರಡ್ ಕೆಪಾಸಿಟರ್, ಅದರ ಎರಡು ಕಾಲಿಗೆ ಹಚ್ಚಿದ ಮುಳ್ಳಿನ ಮೀಟರ್. ಇನ್ನೊಂದು, ಹತ್ತು ಸೆಕೆಂಡಿಗೊಮ್ಮೆ ಮೀಟರ್ ಓದಿ ಮಕ್ಕಳು ಬಿಡಿಸಿದ ಗ್ರಾಫ್. ಏರುವ ಗೆರೆ ಒಂದು, ಇಳಿಯುವ ಗೆರೆ ಒಂದು.

‘ಕಾಲ ಸ್ಥಿರಾಂಕ’ ಅಂತ ಬರೆದು ತೋರಿಸಿದೆ. ಒಬ್ಬ ಹುಡುಗಿ ಕೇಳಿದಳು: “ಮಿಸ್, ಅಷ್ಟು ಹೊತ್ತು ವೋಲ್ಟೇಜ್ ಹಂಗೇ ಸ್ಥಿರ ನಿಂತಿರ್ತದೇನ್ರಿ?” ಅವಳ ತಪ್ಪಲ್ಲ, ಆ ಪದವೇ ಹಾಗೆ ಹೇಳುತ್ತದೆ. ಡಿಸ್‌ಚಾರ್ಜಿಗೆ ‘ವಿಸರ್ಜನೆ’ ಅಂದರೆ ಗಣಪತಿ ನೆನಪಾಗುತ್ತಾನೆ. ಬೇರೆ ಪದ ಇದ್ದರೆ ಹೇಳಿ.

ಇನ್ನೊಂದು ತೊಡಕು. ರೆಸಿಸ್ಟರಿನ ಬೆಲೆಯನ್ನು ಕೆಪಾಸಿಟರಿನ ಬೆಲೆಯಿಂದ ಗುಣಿಸಿ ಲೆಕ್ಕ ಮಾಡಿದರೆ 47 ಸೆಕೆಂಡ್ ಬರುತ್ತದೆ. ಗ್ರಾಫ್ ಓದಿದ ಮಕ್ಕಳೆಲ್ಲ 100ರ ಹತ್ತಿರ ಹೇಳುತ್ತಾರೆ. ಪಟದಲ್ಲಿ ಯಾವುದನ್ನು ಹಾಕಲಿ?

ಮೈಸೂರಿನಿಂದ

ಕಾಲ, ಸ್ಥಿರ, ಅಂಕ. ಮೂರರಲ್ಲಿ ಒಂದೂ ಕನ್ನಡದ್ದಲ್ಲ. ‘ಹೊತ್ತಳತೆ’ ಅನ್ನಿ. ಚಾರ್ಜ್ ಆಗುವುದು ‘ತುಂಬು’, ಡಿಸ್‌ಚಾರ್ಜ್ ಆಗುವುದು ‘ಬರಿದಾಗು’. ಇದರಲ್ಲಿ ಚರ್ಚೆಗೆ ಏನಿದೆ?

ಬೀದರಿನಿಂದ

ಬರಿದಾಗು ಚೆನ್ನಾಗಿದೆ, ಒಪ್ಪಿದೆ. ಆದರೆ ನಮ್ಮ ಕಡೆ ಮಗು ಮೊದಲು ಕಲಿಯುವುದು ‘ಖಾಲಿ’. ಕೊಡ ಖಾಲಿ, ಬಸ್ಸು ಖಾಲಿ, ಮೊಬೈಲ್ ಖಾಲಿ. ಅರಬ್ಬಿಯಿಂದ ಬಂದದ್ದು ಅಂತ ಗೊತ್ತು. ನನ್ನ ಅಜ್ಜಿಗೆ ಗೊತ್ತಿರಲಿಲ್ಲ, ಅವಳಿಗೆ ಅದು ಕನ್ನಡವೇ. ಮಿಸ್, ಖಾಲಿ ಅಂತಲೇ ಹಾಕಿ.

ಯಾದಗಿರಿಯಿಂದ, ರಿಪೇರಿ ಅಂಗಡಿಯವರು

ಪದ ಆಮೇಲೆ ನೋಡಿ. ಮೊದಲು ಆ ಕಂಡೆನ್ಸರ್ ಬದಲಿಸಿ. ಫೋಟೊ ದೊಡ್ಡದು ಮಾಡಿ ನೋಡಿದೆ. ನಿಮ್ಮ ಏರುವ ಗೆರೆ 6 ವೋಲ್ಟಿಗೇ ಮಟ್ಟಸ ಆಗಿದೆ. ಬ್ಯಾಟರಿ 9. ಮಾಲು ಲೀಕ್ ಆಗಿದೆ. ಹಳೇ ಕಂಡೆನ್ಸರ್ ಹೀಗೇ ಮಾಡುತ್ತದೆ, ದಿನಾ ನೋಡುತ್ತೇನೆ. ಫ್ಯಾನಿನದ್ದೂ ಹಾಗೇ, ಅದು ಸೊರಗಿದರೆ ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಮಾತ್ರ ಓಡುತ್ತದೆ.

ಸೇಡಂನಿಂದ, ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಯಾದಗಿರಿಯವರು 6 ವೋಲ್ಟ್ ಹಿಡಿದದ್ದು ಸರಿ. ಗುಟ್ಟು ಅಲ್ಲೇ ಇದೆ. ಆದರೆ ನನಗೆ ಗುಮಾನಿ ಇರುವುದು ಮೀಟರ್ ಮೇಲೆ.

ಮೀಟರಿನ ಮುಖದ ಮೇಲೆ ಒಂದು ವೋಲ್ಟಿಗೆ 20 ಕಿಲೊ ಓಮ್ ಅಂತ ಬರೆದದ್ದು ಫೋಟೊದಲ್ಲಿ ಕಾಣುತ್ತದೆ. ಗುಬುಟು 10 ವೋಲ್ಟಿನಲ್ಲಿದೆ. ಅಂದರೆ ಮೀಟರೇ 200 ಕಿಲೊ ಓಮಿನ ಒಂದು ರೆಸಿಸ್ಟರ್. ನಿಮ್ಮ ಪಟ್ಟಿಗಳು ಹೇಳುವುದು 100 ಕಿಲೊ ಓಮ್. ಬ್ಯಾಟರಿಯ 9 ವೋಲ್ಟನ್ನು 100 ಮತ್ತು 200 ಹಂಚಿಕೊಳ್ಳುತ್ತವೆ. ಕೆಪಾಸಿಟರಿಗೆ ಉಳಿಯುವುದು 6. ಒಂದು ಕಡೆ ತುಂಬುತ್ತಿದ್ದರೆ ಇನ್ನೊಂದು ಕಡೆ ಮೀಟರ್ ಸೋರಿಸುತ್ತಿದೆ.

ಟೈಮ್ ಕಾನ್‌ಸ್ಟಂಟ್ ಅಂದರೆ ತುಂಬುವಾಗ ನೂರಕ್ಕೆ 63ರ ತನಕ ಏರಲು ಹಿಡಿಯುವ ಹೊತ್ತು. ಮಕ್ಕಳು 9ರಲ್ಲಿ ನೂರಕ್ಕೆ 63 ತೆಗೆದು, 5.7 ವೋಲ್ಟ್ ಎಲ್ಲಿ ಬಂತು ಅಂತ ಹುಡುಕಿದ್ದಾರೆ. 6ಕ್ಕೆ ನಿಲ್ಲುವ ಗೆರೆ 5.7ಕ್ಕೆ ಬರುವಾಗ ಹೆಚ್ಚುಕಡಿಮೆ ಪ್ರಯಾಣ ಮುಗಿಸಿರುತ್ತದೆ. ಅದಕ್ಕೇ 100 ಸೆಕೆಂಡ್. ಗೆರೆ ಎಲ್ಲಿ ನಿಲ್ಲುತ್ತದೋ ಅದರ ನೂರಕ್ಕೆ 63 ತೆಗೆಯಬೇಕು. 6ರಲ್ಲಿ ಅದು 3.8 ವೋಲ್ಟ್. ನಿಮ್ಮ ಗ್ರಾಫಿನಲ್ಲಿ ಅದು 34 ಸೆಕೆಂಡಿಗೆ ಬಂದಿದೆ.

ಇಳಿಯುವ ಗೆರೆಯಲ್ಲೂ ತಾಳೆ ನೋಡಿ. ಬ್ಯಾಟರಿ ತೆಗೆದು ಅದೇ ರೆಸಿಸ್ಟರ್ ಮೂಲಕ ಖಾಲಿ ಮಾಡಿದ್ದೀರಿ, ಮೀಟರ್ ಹಾಗೇ ಇದೆ. ಕೊನೆ ಸೊನ್ನೆ ಅಂತ ಗೊತ್ತಿರುವುದರಿಂದ ಅಲ್ಲಿ ಎಡವುವುದು ಕಷ್ಟ. 6ರಿಂದ 2.2ಕ್ಕೆ ಇಳಿಯಲು 34 ಸೆಕೆಂಡ್. ಎರಡೂ ಗೆರೆ ಒಂದೇ ಮಾತು ಹೇಳುತ್ತಿವೆ.

ಲೆಕ್ಕವನ್ನೂ ತಿದ್ದಿ. ಕೆಪಾಸಿಟರಿಗೆ 100 ಮತ್ತು 200 ಅಕ್ಕಪಕ್ಕ ಹಚ್ಚಿದ ಹಾಗೆ ಕಾಣುತ್ತದೆ, ಸುಮಾರು 67 ಕಿಲೊ ಓಮ್. ಅದನ್ನು 470 ಮೈಕ್ರೊಫ್ಯಾರಡಿನಿಂದ ಗುಣಿಸಿದರೆ 31 ಸೆಕೆಂಡ್. 34ಕ್ಕೂ 31ಕ್ಕೂ ಇರುವ ವ್ಯತ್ಯಾಸಕ್ಕೆ ಹೆದರಬೇಡಿ. ಈ ಜಾತಿಯ ಕೆಪಾಸಿಟರಿನ ಮೇಲೆ ಬರೆದ ಬೆಲೆ ನೂರಕ್ಕೆ 20ರಷ್ಟು ಆಚೀಚೆ ಇರುವುದು ಮಾಮೂಲು.

ಲೀಕೋ ಮೀಟರೋ ಅಂತ ಹೀಗೆ ತಿಳಿಯಿರಿ. ಮೀಟರ್ ತೆಗೆದು ಬ್ಯಾಟರಿ ಹಚ್ಚಿ ನಾಲ್ಕೈದು ನಿಮಿಷ ಬಿಡಿ. ಆಮೇಲೆ ಮೀಟರ್ ಮುಟ್ಟಿಸಿ. ಮುಳ್ಳು 9ರ ಹತ್ತಿರ ಹೋಗಿ ನಿಧಾನ 6ಕ್ಕೆ ಇಳಿದರೆ ಸೋರಿಸುತ್ತಿರುವುದು ಮೀಟರ್. ಮೊದಲೇ 6ರ ಸುತ್ತ ನಿಂತರೆ ಯಾದಗಿರಿಯವರು ಹೇಳಿದ್ದೇ ಸರಿ.

ಇನ್ನು ಪದ. ಇಲ್ಲಿ ಸ್ಥಿರ ಇರುವುದು ವೋಲ್ಟೇಜ್ ಅಲ್ಲ, ಹೊತ್ತು. ಇಳಿಯುವ ಗೆರೆಯಲ್ಲಿ ಎಲ್ಲಿಂದ ಬೇಕಾದರೂ ಶುರು ಮಾಡಿ. 4 ವೋಲ್ಟಿನಿಂದ ಎಣಿಸಿದರೂ 34 ಸೆಕೆಂಡಿಗೆ 1.5ರ ಹತ್ತಿರ ಬರುತ್ತದೆ. ಪ್ರತಿ 34 ಸೆಕೆಂಡಿಗೂ ಉಳಿದದ್ದರಲ್ಲಿ ನೂರಕ್ಕೆ 37 ಮಾತ್ರ ಉಳಿಯುತ್ತದೆ. ಆ ಹೊತ್ತು ಬದಲಾಗುವುದಿಲ್ಲ ಅನ್ನುವುದೇ ‘ಸ್ಥಿರ’. ‘ಹೊತ್ತಳತೆ’ಯಲ್ಲಿ ಈ ಮಾತೇ ಇಲ್ಲ. ಗಡಿಯಾರವೂ ಹೊತ್ತಳತೆಯೇ ಅಲ್ವಾ?

ಧಾರವಾಡದಿಂದ

ಸೇಡಂ ಸರ್ ಹೇಳಿದ್ದು ಸರಿ, ಆದರೆ ‘ಅಂಕ’ ಬಿಡಿ. ಅಂಕ ಅಂದರೆ ಬರೀ ಸಂಖ್ಯೆ. ಇದು ಸೆಕೆಂಡಿನಲ್ಲಿ ಅಳೆಯುವ ಹೊತ್ತು. ‘ಸ್ಥಿರಕಾಲ’ ಸಾಕು.

ಮೈಸೂರಿನಿಂದ

ಅಂಕಕ್ಕೆ ಕಾಳಗ ಅನ್ನುವ ಅರ್ಥವೂ ಉಂಟು. ಕರಾವಳಿಯ ಕೋಳಿ ಅಂಕ ಕೇಳಿಲ್ಲವೇ? ಅಂಕದ ಹುಟ್ಟು ತಿಳಿಯದೆ ಅದನ್ನು ಬಿಡಿ ಅನ್ನಬೇಡಿ. ಆದರೆ ‘ಸ್ಥಿರಕಾಲ’ ಪೂರ್ತಿ ಸಂಸ್ಕೃತದ ಸಮಾಸ. ಸಂಸ್ಕೃತದಿಂದ ತಂದರೆ ಗೌರವ, ಉರ್ದುವಿನಿಂದ ತಂದರೆ ಆಡುಮಾತು, ನಮ್ಮದೇ ಪದ ಕಟ್ಟಿದರೆ ಹಟ. ಈ ತೂಕ ನನಗೆ ಒಪ್ಪಿಗೆಯಿಲ್ಲ.

ಬೀದರಿನಿಂದ

ಆಡುಮಾತು ಅಂತ ಕೆಳಗಿಡಲು ನಾನು ಹೇಳಲಿಲ್ಲ. ಆಡುವವರೇ ಓದುವ ಪಟ ಅದು ಅಂದೆ.

ಕಲಬುರಗಿಯಿಂದ, ಶಿಕ್ಷಕಿ

ಸಂಜೆ ಮಾಡಿ ನೋಡಿದೆವು ಸರ್. ಐದು ನಿಮಿಷ ಬಿಟ್ಟು ಮೀಟರ್ ಮುಟ್ಟಿಸಿದರೆ ಮುಳ್ಳು 9ರ ತನಕ ಹೋಯಿತು. ಆಮೇಲೆ ಇಳಿಯುತ್ತಾ ಬಂದು 6ಕ್ಕೆ ನಿಂತಿತು. ಕೆಪಾಸಿಟರ್ ಗಟ್ಟಿ ಇದೆ. ಯಾದಗಿರಿಯ ಅಣ್ಣಾರೆ, 6 ವೋಲ್ಟ್ ನೀವು ತೋರಿಸದಿದ್ದರೆ ನಾನು 47 ಅಂತಲೇ ಅಚ್ಚು ಹಾಕಿಸುತ್ತಿದ್ದೆ.

ಫೋಟೊ ಬದಲಿಸುವುದಿಲ್ಲ. ಮೀಟರನ್ನೂ ಸರ್ಕಿಟ್ ಚಿತ್ರದಲ್ಲಿ 200 ಕಿಲೊ ಓಮ್ ಅಂತ ಬರೆದು ತೋರಿಸುತ್ತೇನೆ. ಗ್ರಾಫಿನ ಮೇಲೆ 6 ವೋಲ್ಟಿಗೆ ಒಂದು ಅಡ್ಡಗೆರೆ, 3.8ಕ್ಕೆ ಇನ್ನೊಂದು, ಕೆಳಗೆ 34 ಸೆಕೆಂಡ್. ಏರುವ ಗೆರೆಗೆ ‘ತುಂಬುವಾಗ’, ಇಳಿಯುವ ಗೆರೆಗೆ ‘ಖಾಲಿಯಾಗುವಾಗ’. ಮೈಸೂರಿನವರು ಕ್ಷಮಿಸಿ, ‘ಬರಿದಾಗುವಾಗ’ ಅಂತ ಓದಿದಾಗ ನಮ್ಮ ಮಕ್ಕಳು ಒಂದು ಕ್ಷಣ ನಿಂತರು. ‘ಖಾಲಿ’ಗೆ ನಿಲ್ಲಲಿಲ್ಲ.

‘ಸ್ಥಿರಕಾಲ’ ಬರೆದು ಅದೇ ಹುಡುಗಿಗೆ ತೋರಿಸಿದೆ. “ಅಂದ್ರ ಎಲ್ಲಿಂದ ಎಣಿಸಿದ್ರೂ ಅಷ್ಟೇ ಹೊತ್ತೇನ್ರಿ?” ಅಂದಳು. ಆದರೆ ಪರೀಕ್ಷೆಯಲ್ಲಿ ಅವಳಿಗೆ ಸಿಗುವುದು ಇಂಗ್ಲಿಷ್ ಪದ, ಹಳೇ ಪುಸ್ತಕದಲ್ಲಿ ‘ಕಾಲ ಸ್ಥಿರಾಂಕ’. ಮೂರನ್ನೂ ಪಟದಲ್ಲಿ ಹಾಕಲು ಜಾಗ ಇಲ್ಲ. ಬುಧವಾರ ರಾತ್ರಿಯ ತನಕ ಯಾರಾದರೂ ಹೇಳಿ, ಸ್ಥಿರಕಾಲದ ಜೊತೆಗೆ ಇನ್ನೊಂದಕ್ಕೆ ಮಾತ್ರ ಜಾಗ ಇದ್ದರೆ ಯಾವುದನ್ನು ಉಳಿಸಲಿ?

ಮೈಸೂರಿನಿಂದ

ಹಳೆಯದನ್ನು ಬಿಡಿ.

ಧಾರವಾಡದಿಂದ

ಹಳೆಯದನ್ನೇ ಉಳಿಸಿ. ಇಂಗ್ಲಿಷ್ ಪದ ಹೇಗೂ ಪುಸ್ತಕದ ತುಂಬ ಸಿಗುತ್ತದೆ.