ದೊಡ್ಡಪ್ಪನ ವಾಯ್ಸ್ ಮೆಸೇಜು: ಆ ಸೀಲು ಅವರದ್ದಲ್ಲ

"ದೊಡ್ಡಪ್ಪ, ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳೋ ಆ್ಯಪ್ ಮಾಡ್ತಾರಲ್ಲ, ಆ ಕಂಪನಿ ಕೆಲಸ ನಂಗೆ ತುಂಬಾ ಇಷ್ಟ. ಆದ್ರೆ ಕೆಲಸ ಖಾಲಿ ಇದೆ ಅಂತ ಅವರು ಎಲ್ಲೂ ಹಾಕಿಲ್ಲ. ಸುಮ್ನೆ ನಾನಾಗೇ ಪತ್ರ ಬರೆದ್ರೆ ತಪ್ಪು ತಿಳ್ಕೋತಾರಾ? ಅವರ ಆ್ಯಪ್ ಎಷ್ಟು ಚೆನ್ನಾಗಿದೆ ಅಂತ ಉದ್ದಕ್ಕೆ ಬರೀಲಾ? ಭಯ ಆಗ್ತಿದೆ."

ಹಾಂ, ಪುಟ್ಟಿ, ಕೇಳಿಸ್ತಿದೆಯಾ? ಬಟನ್ ಒತ್ತಿ ಹಿಡ್ಕೊಂಡೇ ಮಾತಾಡ್ತಿದೀನಿ, ಬೆರಳು ಜಾರಿದ್ರೆ ಇನ್ನೊಂದು ಕಳಿಸ್ತೀನಿ. ತಪ್ಪು ಯಾರೂ ತಿಳ್ಕೊಳಲ್ಲಮ್ಮ. ಇಷ್ಟ ಆಗ್ಲಿಲ್ಲ ಅಂದ್ರೆ ಓದದೇ ಬಿಡ್ತಾರೆ, ಅಷ್ಟೇ. ಆದ್ರೆ ಉದ್ದಕ್ಕೆ ಹೊಗಳ್ತೀನಿ ಅಂದ್ಯಲ್ಲ, ಅದನ್ನ ಕೇಳಿ ನಂಗೆ ಎದೆ ಧಸಕ್ ಅಂತು. ನಿಮ್ಮಪ್ಪಂಗೆ ಈ ಕಥೆ ಗೊತ್ತು, ಈಗಾಗ್ಲೇ ನಗ್ತಾ ಇರ್ತಾನೆ. ನಗಲಿ.

ನಾನು ಮೆಕ್ಯಾನಿಕಲ್ ಮುಗಿಸಿ ಮನೇಲಿ ಕೂತಿದ್ದ ವರ್ಷ ಅದು. ನಮ್ಮ ಕಾಲೇಜು ಲ್ಯಾಬಲ್ಲಿ ಎರಡು ಪಂಪಿದ್ವು. ಹಳೇದಕ್ಕೆ ಶಾಫ್ಟ್ ಹೊರಗೆ ಬರೋ ಕಡೆ ಹಗ್ಗದ ಥರ ಪ್ಯಾಕಿಂಗ್ ಸುತ್ತಿರೋದು, ಅದು ತೊಟ್ಟಿಕ್ತಾನೇ ಇರ್ಬೇಕು, ಇಲ್ಲಾಂದ್ರೆ ಸುಟ್ಟುಹೋಗುತ್ತೆ. ಹೊಸ ಪಂಪಿಗೆ ಮೆಕ್ಯಾನಿಕಲ್ ಸೀಲು. ಕೆಳಗಿನ ನೆಲ ಒಣ ಒಣ. ಅದನ್ನ ನೋಡಿ ನಾನು ಮರುಳಾಗಿಬಿಟ್ಟೆ. ಆ ಪಂಪ್ ಮಾಡಿದ ಕಂಪನಿಯ ಮುಖ್ಯ ಎಂಜಿನಿಯರಿಗೆ ಎರಡು ಪುಟ ತುಂಬ ಬರೆದೆ. ಆ ಸೀಲಿನ ನಯವೇನು, ಅದರ ಹಿಂದಿನ ಬುದ್ಧಿಯೇನು, ಇಂಥ ಸಂಸ್ಥೇಲಿ ಕಸ ಗುಡಿಸೋ ಕೆಲಸ ಕೊಟ್ರೂ ಧನ್ಯ ಅಂತೆಲ್ಲ. ನನ್ನ ಬಗ್ಗೆ ಬರೆದಿದ್ದು ಕೊನೇಲಿ ಒಂದೇ ಸಾಲು.

ಮೂರು ವಾರಕ್ಕೆ ಉತ್ತರ ಬಂತು. ಮನೇವ್ರೆಲ್ಲ ಸುತ್ತ ನಿಂತಿದ್ರು. ಒಡೆದು ಓದಿದ್ರೆ ಇಷ್ಟೇ: ನೀವು ಮೆಚ್ಚಿದ ಸೀಲನ್ನು ನಾವು ತಯಾರಿಸುವುದಿಲ್ಲ, ಹೊರಗಿನಿಂದ ಕೊಳ್ಳುತ್ತೇವೆ, ನಿಮ್ಮ ಮೆಚ್ಚುಗೆಯನ್ನು ಅವರಿಗೇ ತಿಳಿಸಬಹುದು.

ಭೂಮಿ ಬಾಯಿಬಿಟ್ರೆ ಇಳಿದುಹೋಗ್ತಿದ್ದೆ. ಪಂಪಿನವ್ರು ಸಾಮಾನ್ಯವಾಗಿ ಸೀಲು ಮಾಡಲ್ಲಮ್ಮ, ಅದನ್ನ ಮಾಡೋರೇ ಬೇರೆ ಇರ್ತಾರೆ. ಇವರು ತಲೆ ಕೆಡಿಸ್ಕೊಂಡು ಮಾಡಿದ್ದು ಒಳಗೆ ತಿರುಗಿ ನೀರನ್ನ ತಳ್ಳೋ ಇಂಪೆಲ್ಲರು, ಅದರ ಸುತ್ತಿನ ಕವಚ. ಅದರ ಬಗ್ಗೆ ನಾನು ಒಂದಕ್ಷರ ಬರೆದಿರ್ಲಿಲ್ಲ. ಲ್ಯಾಬಿನ ಗೋಡೇಲೇ ಕೈಪಿಡಿ ನೇತಾಡ್ತಿತ್ತು, ಹಿಂದಿನ ಬಿಡಿಭಾಗಗಳ ಪಟ್ಟೀಲಿ ಸೀಲಿನ ಮುಂದೆ ಬೇರೆ ಕಂಪನಿ ಹೆಸರೂ ಇತ್ತು. ನಾನು ನೋಡಿರ್ಲಿಲ್ಲ. ಅದಕ್ಕೇ ಹೇಳ್ತಿರೋದು, ಹೊಗಳೋ ಮುಂಚೆ ಅದು ಅವರದೇ ಕೆಲಸ ಹೌದಾ ಅಂತ ನೋಡ್ಕೋ.

ಈಗ ನಿನ್ನ ಆ್ಯಪ್ ತಗೋ. ಆವತ್ತು ನಮ್ಮನೇಲಿ ಕೂತು ತೋರಿಸ್ದಾಗ "ಧ್ವನಿ ಎಷ್ಟು ಚೆನ್ನಾಗಿದೆ ನೋಡು ದೊಡ್ಡಪ್ಪ" ಅಂದೆ. ಆ ಧ್ವನಿ ಅವರದಾ, ನಿನ್ನ ಫೋನಿನದಾ? ಎಷ್ಟೋ ಆ್ಯಪ್‌ಗಳು ಫೋನಿನಲ್ಲೇ ಇರೋ ಧ್ವನೀನ ಬಳಸ್ತವೆ. ಫೋನಿನ ಸೆಟ್ಟಿಂಗ್‌ನಲ್ಲಿ ಧ್ವನಿ ಬದಲಾಯಿಸಿ ನೋಡು. ಆ್ಯಪಲ್ಲೂ ಬದಲಾದ್ರೆ ಅದು ಫೋನಿನ ಧ್ವನಿ, ಅವರದ್ದಲ್ಲ. ಬದಲಾಗದಿದ್ರೆ ಮಾತ್ರ ಅವರದೇ ಅಂದ್ಕೋಬೇಡ, ಇನ್ಯಾರದೋ ಧ್ವನಿ ಕೊಂಡಿದ್ರೂ ಹಂಗೇ ಇರುತ್ತೆ. ಆ್ಯಪಿನ ಮಾಹಿತಿ ಪುಟದಲ್ಲಿ ಲೈಸೆನ್ಸ್ ಪಟ್ಟಿ ಅಂತ ಇದ್ರೆ, ಬೇರೆಯವರಿಂದ ತಗೊಂಡಿದ್ದು ಎಷ್ಟೋ ಅಲ್ಲಿ ಸಿಗುತ್ತೆ. ಯಾರೂ ಓದಲ್ಲ ಅದನ್ನ, ನೀನು ಓದು. ಇನ್ನೊಂದ್ಸಲ ಹೇಳ್ತೀನಿ, ಬೇಜಾರಾದ್ರೂ ಕೇಳು: ಹೊಗಳೋ ಮುಂಚೆ ಅದು ಅವರದೇ ಕೆಲಸ ಹೌದಾ ಅಂತ ನೋಡ್ಕೋ.

ನಾನು ಆಮೇಲೆ ಏನು ಮಾಡ್ದೆ ಅಂದ್ರೆ, ಮತ್ತೆ ಲ್ಯಾಬಿಗೆ ಹೋಗಿ ಅದೇ ಪಂಪನ್ನ ಓಡಿಸ್ದೆ. ಹರಿವು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಒಂದೊಂದು ಸಲಾನೂ ಒತ್ತಡ ಬರ್ಕೊಂಡು, ಎಷ್ಟು ಹರಿವಿಗೆ ಎಷ್ಟು ಒತ್ತಡ ಅಂತ ಅವರ ಕೈಪಿಡೀಲಿ ಎಳೆದಿದ್ದ ಗೆರೆ ಜೊತೆ ಹೋಲಿಸ್ದೆ. ಮೊದಲು ಸರಿಹೊಂದ್ತು, ಹರಿವು ಜಾಸ್ತಿ ಆದಾಗ ಒತ್ತಡ ದಿಢೀರ್ ಬಿತ್ತು, ಒಳಗೆ ಜಲ್ಲಿಕಲ್ಲು ಉರುಳಿದ ಸದ್ದು. ಇವರ ಗೆರೇನೇ ಸುಳ್ಳು ಅಂದ್ಕೊಂಡೆ. ನೋಡಿದ್ರೆ ನೀರು ಒಳಗೆ ಬರೋ ಕಡೆ ವಾಲ್ವು ಅರ್ಧ ಮುಚ್ಚಿತ್ತು! ಪೂರ್ತಿ ತೆಗೆದ ಮೇಲೆ ಅವರ ಗೆರೆ ಮೇಲೇ ಬಂದು ಕೂತ್ಕೊಂತು. ಅದನ್ನೇ, ನನ್ನ ಎಡವಟ್ಟೂ ಸೇರಿಸಿ, ಅರ್ಧ ಪುಟ ಬರೆದು ಅದೇ ಎಂಜಿನಿಯರಿಗೆ ಹಾಕ್ದೆ. ಒಂದು ಹೊಗಳಿಕೆ ಮಾತಿಲ್ಲ. "ಕೆಲಸ ಇಲ್ಲ, ಆದರೂ ಬಂದು ಮಾತಾಡಿ" ಅಂತ ಕರೆದ್ರು. ನಾಲ್ಕು ತಿಂಗಳಾದ್ಮೇಲೆ ಅಲ್ಲಿ ಒಬ್ಬರು ಬಿಟ್ಟುಹೋದಾಗ ನನ್ನ ನೆನಪಾಯ್ತು ಅವರಿಗೆ.

ಈ ಮಾತು ಬಂತಲ್ಲ, ಒಂದು ಹೇಳಿಬಿಡ್ತೀನಿ. ಮುಂದೆ ನಾನೇ ದೊಡ್ಡ ಕುರ್ಚೀಲಿ ಕೂತಾಗ ಇಂಥ ಪತ್ರ ನನ್ನ ಟೇಬಲ್ಲಿಗೂ ಬರ್ತಿದ್ವು. ಖಾಲಿ ಹುದ್ದೆ ಇದ್ರೆ ಅದಕ್ಕೊಂದು ಫೈಲಿರುತ್ತೆ, ಪತ್ರ ಅದರೊಳಗೆ ಹೋಗುತ್ತೆ. ಹುದ್ದೇನೇ ಇಲ್ದಿದ್ರೆ ಪತ್ರಕ್ಕೆ ಜಾಗಾನೇ ಇಲ್ಲ. ಒಬ್ಬ ಹುಡುಗ ಬರೆದಿದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ ನಾನೇ ಎದ್ದುಹೋಗಿ ನಮ್ಮ ಮೇಲಿನವರ ಕೈಗೆ ಕೊಟ್ಟೆ. ಡ್ರಾಯರಿಗೆ ಹಾಕಿದ್ರು. ವಾರಕ್ಕೊಂದ್ಸಲ ಕೇಳ್ದೆ, ನೋಡೋಣ ನೋಡೋಣ ಅಂದ್ರು. ಕೊನೆಗೊಂದಿನ ಅವನನ್ನ ತಗೊಂಡು, "ಈ ಹುಡುಗನ್ನ ಹುಡುಕಿದ್ದು ನಾನು" ಅಂತ ಮೀಟಿಂಗಲ್ಲಿ ಹೇಳ್ಕೊಂಡ್ರು. ನಾನು ಅಲ್ಲೇ ಎದುರಿಗೇ ಕೂತಿದೀನಿ! ಒಂದು ಮಾತು ನನ್ನ ಹೆಸರೆತ್ತಲಿಲ್ಲ. ನಿಮ್ಮ ದೊಡ್ಡಮ್ಮ ಈಗ್ಲೂ ಅಂತಾಳೆ, ನೀವು ಬಾಯಿ ಮುಚ್ಕೊಂಡಿದ್ದಕ್ಕೇ ಹಂಗಾಗಿದ್ದು ಅಂತ. ಇವಳೊಬ್ಬಳು.

ಅಯ್ಯೋ, ನೀನು ಕೇಳಿದ್ದು ಪತ್ರದ ವಿಚಾರ. ನೋಡು, ಎಚ್‌ಆರ್‌ಗೆ ಬರೀಬೇಡ, ಅವರ ಹತ್ರ ಹುದ್ದೆ ಇದ್ರೆ ತಾನೇ ನಿನ್ನ ಪತ್ರದಿಂದ ಉಪಯೋಗ? ಆ ಆ್ಯಪಿನ ತಂಡ ನಡೆಸೋರು ಯಾರು ಅಂತ ಹುಡುಕಿ ಅವರ ಹೆಸರಿಗೇ ಬರಿ. ಬರೆಯೋ ಮುಂಚೆ ಒಂದಿಪ್ಪತ್ತು ಪುಟ ಆ್ಯಪಿಗೆ ಓದಿಸು, ಎರಡು ಕಾಲಂ ಇರೋವು, ಅಡಿಟಿಪ್ಪಣಿ ಇರೋವು ಎಲ್ಲ. ಯಾವ ಸಾಲಾದ್ಮೇಲೆ ಯಾವ ಸಾಲು ಓದ್ಬೇಕು ಅಂತ ಆ್ಯಪ್ ತೀರ್ಮಾನ ಮಾಡುತ್ತಲ್ಲ, ನನ್ನ ಲೆಕ್ಕದಲ್ಲಿ ಅವರ ಇಂಪೆಲ್ಲರು ಅದೇ ಇರ್ಬೇಕು. ಲೈಸೆನ್ಸ್ ಪಟ್ಟೀಲಿ ಅದೂ ಬೇರೆಯವರದ್ದಾ ನೋಡ್ಕೋ. ಎಷ್ಟು ಪುಟ ಸರಿ ಬಂತು, ಎಲ್ಲಿ ಟಿಪ್ಪಣಿ ಬಂದು ವಾಕ್ಯದ ಮಧ್ಯೆ ನುಗ್ತು, ಅದಕ್ಕೆ ನೀನೇನು ಮಾಡಿ ನೋಡ್ದೆ, ಇದಿಷ್ಟೇ ಮೊದಲ ಪ್ಯಾರಾ. ತಪ್ಪು ಪಟ್ಟಿ ಮಾಡಿ ಪಾಠ ಹೇಳೋ ಥರ ಬೇಡ, ನೋಡಿದ್ದನ್ನ ನೋಡಿದ ಹಾಗೆ ಹೇಳು. ಆಮೇಲೆ ನಿನ್ನ ಕಾಲೇಜು ಪ್ರಾಜೆಕ್ಟಿನ ಬಗ್ಗೆ ಎರಡು ಸಾಲು, ಅದರ ಲಿಂಕು. ಕೊನೇಲಿ ಕೆಲಸ ಕೊಡಿ ಅನ್ಬೇಡ. ಸದ್ಯ ಹುದ್ದೆ ಇಲ್ಲ ಅಂತ ಗೊತ್ತು, 15 ನಿಮಿಷ ಫೋನಲ್ಲಿ ಮಾತಾಡೋಕೆ ಆಗುತ್ತಾ ಅಂತ ಕೇಳು. ಅಷ್ಟಕ್ಕೆ ಹೂಂ ಅನ್ನೋದು ಅವರಿಗೆ ಸುಲಭ, ಯಾರ ಒಪ್ಪಿಗೇನೂ ಬೇಕಾಗಲ್ಲ.

ಎಲ್ಲ ಸೇರಿ 200 ಪದ ದಾಟದಂಗೆ ನೋಡ್ಕೋ, ಇ-ಮೇಲ್ ಒಳಗೇ ಬರಿ, ರೆಸ್ಯೂಮೆ ಒಂದೇ ಲಗತ್ತಿಸು. ವಿಷಯದ ಸಾಲಲ್ಲಿ "ಕೆಲಸಕ್ಕಾಗಿ ಮನವಿ" ಅಂತ ಹಾಕ್ಬೇಡ, "ನಿಮ್ಮ ಆ್ಯಪಲ್ಲಿ ಅಡಿಟಿಪ್ಪಣಿ ಪುಟಗಳು" ಅಂತ ಹಾಕು. ಹತ್ತು ದಿನ ಉತ್ತರ ಬರ್ಲಿಲ್ಲ ಅಂದ್ರೆ ಅದೇ ಮೇಲಿಗೆ ಎರಡು ಸಾಲು ಇನ್ನೊಂದ್ಸಲ ಹಾಕು. ಆಮೇಲೆ ಬಿಟ್ಬಿಡು. ಕಳಿಸೋ ಮುಂಚೆ ನಂಗೊಂದ್ಸಲ ತೋರಿಸು, ಗ್ರೂಪಿಗೆ ಬೇಡ, ನಂಗೊಬ್ಬಂಗೇ ಕಳಿಸು. ನಿಮ್ಮಪ್ಪ ಏನೋ ಟೈಪ್ ಮಾಡ್ತಿದಾನೆ, ಸೀಲಿನ ವಿಚಾರಾನೇ ಇರುತ್ತೆ. ಇಡ್ತೀನಿ.